‘ಕೋಪದಿಂದ’ ಎನ್ನದೆ ಕೋಪ ಬರೆಯುವುದು: ಆಕ್ಷೇಪಗಳಿಗೆ ಪ್ರತ್ಯುತ್ತರ

ದೆಹಲಿ, ನೊಯ್ಡಾ, ಗಾಜಿಯಾಬಾದ್, ಗುರುಗ್ರಾಮಗಳಲ್ಲಿ ಚದುರಿಕೊಂಡಿದ್ದು ಕನ್ನಡದಲ್ಲಿ ಕಥೆ ಬರೆಯುವ ನಾವು ಕೆಲವರು ಆಗಾಗ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಬರೆದದ್ದನ್ನು ಓದಿ ಕೇಳಿಸಿಕೊಳ್ಳುತ್ತೇವೆ. ಅಂಥ ಒಂದು ಕೂಟದಲ್ಲಿ ನಾನೊಂದು ಸಲಹೆ ಮುಂದಿಟ್ಟೆ. ಪಾತ್ರದ ಮಾತಿನ ಬೆನ್ನಿಗೆ ‘ಎಂದು ಕೋಪದಿಂದ ಹೇಳಿದ’, ‘ಎಂದು ದುಃಖಭರಿತಳಾಗಿ ನುಡಿದಳು’, ‘ಎಂದು ಅಸಹನೆಯಿಂದ ಪ್ರಶ್ನಿಸಿದ’ ಎಂದೆಲ್ಲ ಬರೆಯುವುದನ್ನು ಬಿಡೋಣ. ‘ಎಂದ’, ‘ಎಂದಳು’, ‘ಎಂದರು’ ಸಾಕು. ಭಾವ ಬೇಕಾದ ಕಡೆ ಪಾತ್ರ ಏನಾದರೂ ಮಾಡಲಿ, ಇಲ್ಲವೇ ಆಡಿದ ಮಾತೇ ಭಾವವನ್ನು ಹೊರಲಿ. ಮಾತು ಮುಗಿದ ಮೇಲೆ ‘ಅವಳಿಗೆ ತುಂಬ ಅವಮಾನವಾಗಿತ್ತು’ ಎಂದು ಬರುವ ವಿವರಣೆಯ ಸಾಲನ್ನೂ ಹೊಡೆದುಹಾಕೋಣ. ನಾನು ಹೇಳಿದ್ದು ಇಷ್ಟು.

ವಿರೋಧ ಬಂತು. ಕೆಲವರು ಅಲ್ಲಿಯೇ ಎದ್ದು ಹೇಳಿದರು, ಕೆಲವರು ಆಮೇಲೆ ದೀರ್ಘವಾಗಿ ಬರೆದು ಕಳಿಸಿದರು. ಯಾರೂ ಹಗುರವಾಗಿ ಮಾತಾಡಿರಲಿಲ್ಲ. ಆದ್ದರಿಂದ ಒಂದೊಂದನ್ನೇ ತೆಗೆದುಕೊಂಡು ಉತ್ತರ ಕೊಡುವುದು ನನ್ನ ಕರ್ತವ್ಯ.

ಮೊದಲ ಆಕ್ಷೇಪ: “ಇದು ಅಮೆರಿಕದ ಕಥಾಕಾರ್ಯಾಗಾರಗಳಲ್ಲಿ ಹುಟ್ಟಿದ ನಿಯಮ. ಅಲ್ಲಿಯ ಮಾರುಕಟ್ಟೆಗೆ ಬೇಕಾದ ಬರವಣಿಗೆಯನ್ನು ಕನ್ನಡದ ಮೇಲೆ ಹೇರಬೇಡಿ.”

ಅಲ್ಲಿ ಇಂಥ ನಿಯಮ ಇರುವುದು ನಿಜ. ಎಲ್ಮೋರ್ ಲೆನಾರ್ಡ್ 2001ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಹತ್ತು ಸೂತ್ರಗಳಲ್ಲಿ ಎರಡು ಇದೇ ವಿಷಯದ ಮೇಲಿವೆ. ಸ್ಟೀಫನ್ ಕಿಂಗ್ 2000ದಲ್ಲಿ ಹೊರತಂದ, ಬರವಣಿಗೆಯ ಕುರಿತಾದ ತನ್ನ ಪುಸ್ತಕದಲ್ಲಿ ಕ್ರಿಯಾವಿಶೇಷಣಗಳ ಮೇಲೆ ಹರಿಹಾಯ್ದಿದ್ದಾನೆ. ಆದರೆ ನನ್ನ ಸಲಹೆ ನಿಂತಿರುವುದು ಅವರ ಮೇಲಲ್ಲ. ಅವರಿಬ್ಬರೂ ಒಂದು ಜಾತಿಯ ಪದವನ್ನು ಬೇಡ ಎನ್ನುತ್ತಾರೆ. ಏಕೆ ಬೇಡ ಎಂಬುದರ ಬುಡದವರೆಗೆ ಹೋಗಿ ವಾದ ಮಾಡಿದವರು ಬೇರೆ ಇದ್ದಾರೆ, ಅವರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದರು. ಅವರ ವಾದ ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ನಮ್ಮ ಕನ್ನಡ ಎಂ.ಎ. ತರಗತಿಗಳಿಗೆ ಬಂದು ಎಷ್ಟೋ ಕಾಲವಾಗಿದೆ. ಅದನ್ನು ಪರೀಕ್ಷೆಗೆ ಓದಿದ ನಾವೇ ಕಥೆ ಬರೆಯಲು ಕೂತಾಗ ಮರೆತುಬಿಟ್ಟಿದ್ದೇವೆ.

ಒಂಬತ್ತನೆಯ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದ ಮೊದಲ ಉದ್ಯೋತದಲ್ಲಿಯೇ ಈ ಪ್ರಶ್ನೆ ಎತ್ತುತ್ತಾನೆ. ರಸ ಓದುಗನಿಗೆ ತಲುಪುವುದು ಅದರ ಹೆಸರು ಹೇಳುವುದರಿಂದಲೋ, ಅದಕ್ಕೆ ಕಾರಣವಾದ ಸನ್ನಿವೇಶ ಮತ್ತು ಅದರಿಂದ ಹುಟ್ಟಿದ ಚೇಷ್ಟೆಗಳನ್ನು ತೋರಿಸುವುದರಿಂದಲೋ? ಹೆಸರಿನಿಂದಲೇ ತಲುಪುವುದಾದರೆ, ಸನ್ನಿವೇಶವೂ ಚೇಷ್ಟೆಯೂ ಇಲ್ಲದೆ ಬರೀ ‘ಶೃಂಗಾರ’ ಎಂಬ ಪದವಿರುವ ಪದ್ಯದಲ್ಲಿಯೂ ಶೃಂಗಾರ ಹುಟ್ಟಬೇಕಿತ್ತು. ಹುಟ್ಟುವುದಿಲ್ಲ. ಹೆಸರನ್ನೇ ಎತ್ತದ ಪದ್ಯದಲ್ಲಿ, ಸನ್ನಿವೇಶ ಸರಿಯಾಗಿದ್ದರೆ, ಹುಟ್ಟುತ್ತದೆ. ಹೆಸರೂ ಇದ್ದು ಸನ್ನಿವೇಶವೂ ಇದ್ದಾಗ? ಆಗ ಆ ಹೆಸರು, ಈಗಾಗಲೇ ಹುಟ್ಟಿರುವುದನ್ನು ಮತ್ತೊಮ್ಮೆ ಹೇಳುತ್ತದೆ ಅಷ್ಟೆ, ಹುಟ್ಟಿಸಿದ್ದು ಅದಲ್ಲ. ‘ಎಂದು ಕೋಪದಿಂದ ಹೇಳಿದ’ ಎಂಬುದನ್ನು ಈ ತರ್ಕದ ಮುಂದಿಟ್ಟು ನೋಡಿ. ಮಾತಿನಲ್ಲಿ ಕೋಪವಿದ್ದರೆ ‘ಕೋಪದಿಂದ’ ಪುನರುಕ್ತಿ, ಇಲ್ಲದಿದ್ದರೆ ಆ ಪದಕ್ಕೆ ಅದನ್ನು ತರುವ ಶಕ್ತಿಯಿಲ್ಲ. ಹನ್ನೊಂದನೆಯ ಶತಮಾನದ ಮಮ್ಮಟ ‘ಕಾವ್ಯಪ್ರಕಾಶ’ದ ಏಳನೆಯ ಉಲ್ಲಾಸದಲ್ಲಿ ರಸದೋಷಗಳನ್ನು ಪಟ್ಟಿ ಮಾಡುವಾಗ ಮೊದಲು ಹೇಳುವುದೂ ಇದನ್ನೇ: ರಸವನ್ನು, ಸ್ಥಾಯಿಭಾವವನ್ನು, ಸಂಚಾರಿಭಾವವನ್ನು ಅದರ ಹೆಸರಿನಿಂದಲೇ ಕರೆದುಬಿಡುವುದು.

ಅವರಿಬ್ಬರೂ ಪದ್ಯದ ಬಗ್ಗೆ ಹೇಳಿದರು, ಸಣ್ಣಕಥೆಯ ಸಂಭಾಷಣೆ ಅವರ ಮುಂದೆ ಇರಲಿಲ್ಲ, ಒಪ್ಪುತ್ತೇನೆ. ಆದರೆ ಭಾವ ಓದುಗನಲ್ಲಿ ಹೇಗೆ ಏಳುತ್ತದೆ ಎಂಬ ಅವರ ವಿವರಣೆ ಗದ್ಯಕ್ಕೆ ಬಂದಾಗ ಬದಲಾಗಬೇಕಾದ ಕಾರಣ ನನಗೆ ಕಾಣುವುದಿಲ್ಲ. ‘ವಿದೇಶಿ ನಿಯಮ’ ಎಂದು ತಳ್ಳಿಹಾಕುವವರು ಮೊದಲು ಆನಂದವರ್ಧನನಿಗೆ ಉತ್ತರ ಕೊಡಬೇಕು.

ಎರಡನೆಯ ಆಕ್ಷೇಪ: “ಕನ್ನಡಕ್ಕೆ ಇದು ಒಗ್ಗುವುದಿಲ್ಲ. ‘ಎಂದ’, ‘ಎಂದಳು’ ಒಣ ಪದಗಳು. ಅದರಲ್ಲೂ ದೆಹಲಿಯ ಕಥೆಯಲ್ಲಿ ಅರ್ಧ ಪಾತ್ರಗಳು ಹಿಂದಿ ಮಾತಾಡುತ್ತವೆ. ಆ ದನಿ ಕನ್ನಡದಲ್ಲಿ ಬರುವುದಿಲ್ಲವಾದ್ದರಿಂದ ‘ಉಡಾಫೆಯಿಂದ’, ‘ತಿರಸ್ಕಾರದಿಂದ’ ಎಂದು ಹೇಳಲೇಬೇಕು.”

ನನಗೆ ಕಾಣುವುದು ಇದಕ್ಕೆ ತದ್ವಿರುದ್ಧ. ಭಾವದ ಹೆಸರು ಹೇಳದೆ ಭಾವ ತೋರಿಸಲು ಕನ್ನಡದಲ್ಲಿರುವಷ್ಟು ಸೌಲಭ್ಯ ಇಂಗ್ಲಿಷಿನಲ್ಲಿ ಇಲ್ಲ. ‘ಎಂದ’ ಎಂಬ ಎರಡಕ್ಷರ ಮಾತಾಡಿದವನು ಗಂಡಸು, ಒಬ್ಬನೇ, ನಿರೂಪಕ ಅವನನ್ನು ಏಕವಚನದಲ್ಲಿ ಕರೆಯುತ್ತಾನೆ ಎಂಬ ಮೂರು ಸಂಗತಿ ಹೇಳಿ ಮುಗಿಸುತ್ತದೆ. ‘ಎಂದರು’ ಎಂದಾಕ್ಷಣ ವಯಸ್ಸೋ ಗೌರವವೋ ಒಂದು ಅಂತರ ಒಳಗೆ ಬರುತ್ತದೆ. ಗಂಡ ಹೆಂಡತಿ ಮಾತಾಡುತ್ತಿರುವ ಪುಟದಲ್ಲಿ ಹೆಸರುಗಳೇ ಬೇಕಿಲ್ಲ, ‘ಎಂದ’, ‘ಎಂದಳು’ ದಾರಿ ತೋರಿಸುತ್ತವೆ. ಇನ್ನು ಮಾತಿನ ಬಾಲಕ್ಕೆ ಅಂಟುವ ಸಣ್ಣ ಪದಗಳಿವೆ: ಕಣೋ, ಕಣೇ, ಕಣಪ್ಪ, ರೀ, ಮಾರಾಯ, ತಾನೆ, ಅಂತೆ, ಬಿಡು. “ಬರ್ತೀನಿ” ಎನ್ನುವುದಕ್ಕೂ “ಬರ್ತೀನಿ ಬಿಡು” ಎನ್ನುವುದಕ್ಕೂ ನಡುವೆ ಇರುವುದನ್ನೇ ನಾವು ‘ಎಂದು ಒಲ್ಲದ ಮನಸ್ಸಿನಿಂದ ಹೇಳಿದ’ ಎಂದು ಇನ್ನೊಮ್ಮೆ ಬರೆಯುತ್ತಿದ್ದೇವೆ. ‘ಅವನು ಚೆನ್ನಾಗಿದ್ದಾನಂತೆ’ ಎನ್ನುವಲ್ಲಿ ‘ಅಂತೆ’ ಹೇಳುವವಳನ್ನು ಆ ಸುದ್ದಿಯಿಂದ ಒಂದು ಹೆಜ್ಜೆ ದೂರ ನಿಲ್ಲಿಸಿಬಿಡುತ್ತದೆ. ‘ಎಂದಳು ನಿರ್ಲಿಪ್ತಳಾಗಿ’ ಎಂದು ಸೇರಿಸುವ ಅಗತ್ಯವೇ ಇಲ್ಲ.

ವಾಕ್ಯದ ಕಟ್ಟು ಕೂಡ ನಮ್ಮ ಪರವಾಗಿದೆ. “ಲೋಟ ಕೆಳಗಿಟ್ಟು, ‘ನಾಳೆ ನೋಡೋಣ’ ಎಂದ” ಎಂಬಲ್ಲಿ ಕ್ರಿಯೆ ಮತ್ತು ಮಾತು ಒಂದೇ ಉಸಿರಿನಲ್ಲಿ, ಅವು ನಡೆದ ಕ್ರಮದಲ್ಲಿಯೇ ಬಂದವು. ‘ಇಟ್ಟು’, ‘ಎದ್ದು’, ‘ತಿರುಗಿ’ ಎಂಬ ಕೃದಂತಗಳು ಇರುವ ಭಾಷೆಗೆ ಕ್ರಿಯೆಯನ್ನು ಸಂಭಾಷಣೆಯೊಳಗೆ ತರಲು ಬೇರೆ ವಾಕ್ಯವೂ ಬೇಕಾಗುವುದಿಲ್ಲ. ಭಾವಸೂಚಕ ಪದದ ಸ್ಥಾನವನ್ನೂ ಗಮನಿಸಿ. ಮಾತಿನ ನಂತರ ಬಂದರೆ ಅದು ತಡವಾಗಿ ಬಂತು: ಓದುಗ ಈಗಾಗಲೇ ಒಂದು ದನಿಯಲ್ಲಿ ಆ ಮಾತು ಕೇಳಿಸಿಕೊಂಡಿದ್ದಾನೆ, ಈಗ ಹಿಂದಕ್ಕೆ ಹೋಗಿ ತಿದ್ದಿಕೊಳ್ಳಬೇಕು. ‘ಅವನು ಸಿಟ್ಟಿನಿಂದ’ ಎಂದು ಮೊದಲೇ ಬಂದರೆ ಮಾತು ಕೇಳುವ ಮೊದಲೇ ಹೇಗೆ ಕೇಳಬೇಕೆಂಬ ಅಪ್ಪಣೆಯಾಯಿತು. ಎರಡರಲ್ಲೂ ಓದುಗನ ಕಿವಿಯ ಮೇಲೆ ನಮಗೆ ನಂಬಿಕೆಯಿಲ್ಲ ಎಂದಾಗುತ್ತದೆ.

‘ಪಿಸುಗುಟ್ಟಿದಳು’, ‘ಕೂಗಿದ’ ಎಂಬಂಥವನ್ನು ನಾನು ಬೇಡ ಎಂದಿಲ್ಲ. ದನಿ ಎಷ್ಟು ದೊಡ್ಡದಿತ್ತು ಎಂಬುದು ಅಕ್ಷರದಲ್ಲಿ ಕಾಣುವುದಿಲ್ಲ, ಅದನ್ನು ಹೇಳಬೇಕಾಗುತ್ತದೆ. ಅವು ಕಿವಿಗೆ ಬಿದ್ದ ಸಂಗತಿಗಳು. ‘ಉಸುರಿದಳು’, ‘ಮೊರೆದ’, ‘ಅಲವತ್ತುಕೊಂಡರು’ ಎಂಬವು ಹಾಗಲ್ಲ. ಅವು ಕ್ರಿಯಾಪದದ ವೇಷದಲ್ಲಿ ಬಂದ ಭಾವನಾಮಗಳು.

ಹಿಂದಿಯ ವಿಷಯಕ್ಕೆ ಬರೋಣ. ದೆಹಲಿಯ ಕಥೆಗಾರನ ನಿಜವಾದ ಕಷ್ಟ ಇಲ್ಲಿದೆ. ಲಕ್ಷ್ಮೀನಗರದ ಮನೆ ಮಾಲೀಕ ಕನ್ನಡದ ಹುಡುಗನೊಬ್ಬನ ಹತ್ತಿರ ಮುಂಗಡ ಪಡೆಯುವ ದಿನ ‘ಆಪ್’ ಎನ್ನುತ್ತಾನೆ, ಮುಂಗಡ ವಾಪಸು ಕೇಳಿದ ದಿನ ‘ತುಮ್’ ಎನ್ನುತ್ತಾನೆ, ಜಗಳವಾದ ದಿನ ‘ತೂ’ ಎನ್ನುತ್ತಾನೆ. ಕಥೆಗಾರ ಇದನ್ನು ಕನ್ನಡಕ್ಕೆ ತರುವಾಗ ಮೂರೂ ದಿನ ‘ನೀವು’ ಎಂದೇ ಬರೆದು, ಕಳೆದುಹೋದದ್ದನ್ನು ‘ಉಡಾಫೆಯಿಂದ’, ‘ಒರಟಾಗಿ’ ಎಂಬ ಪದಗಳಿಂದ ತುಂಬಲು ಹೊರಡುತ್ತಾನೆ. ಮೊದಲ ದಿನದ ‘ನೀವು’ ಮೂರನೆಯ ದಿನ ‘ನೀನು’ ಆದರೆ ಓದುಗನಿಗೆ ಮಾಲೀಕನ ಮುಖ ಕಾಣುತ್ತದೆ. ನಡುವಿನ ‘ತುಮ್’ಗೆ ಕನ್ನಡದಲ್ಲಿ ಸರಿಸಮನಾದ ಮೆಟ್ಟಿಲು ಇಲ್ಲ, ನಿಜ. ಅಲ್ಲಿ ನಿರೂಪಕ ಒಂದು ನೇರ ವಾಕ್ಯ ಬರೆಯಲಿ: ‘ಹೋದ ತಿಂಗಳವರೆಗೂ ಆಪ್ ಎನ್ನುತ್ತಿದ್ದವನು ಇವತ್ತು ತುಮ್ ಎಂದ.’ ಇದರಲ್ಲಿ ಭಾವದ ಹೆಸರೇ ಇಲ್ಲ. ಒಬ್ಬ ಮನುಷ್ಯ ಮಾಡಿದ ಒಂದು ಕೆಲಸದ ವರದಿ ಇದೆ. ಆ ಹುಡುಗ ಅದನ್ನು ಗಮನಿಸಿದ ಎಂಬುದೂ ಅದರಲ್ಲಿಯೇ ಬಂತು. ‘ಉಡಾಫೆಯಿಂದ’ ಎಂದಿದ್ದರೆ ಈ ಎರಡನೆಯದು ಬರುತ್ತಿರಲಿಲ್ಲ.

ಮೂರನೆಯ ಆಕ್ಷೇಪವೇ ನನಗೆ ಅತ್ಯಂತ ಬಲವಾದದ್ದು ಎನಿಸಿತು: “ಭಾವದ ಪದ ತೆಗೆದು ಕ್ರಿಯೆ ಹಾಕಿ ಎನ್ನುತ್ತೀರಿ. ಹಾಕಿದವರ ಕಥೆಗಳನ್ನೂ ಓದಿದ್ದೇವೆ. ಪುಟಕ್ಕೆ ಹತ್ತು ನಿಟ್ಟುಸಿರು, ಎಂಟು ಬಿಗಿದ ಮುಷ್ಟಿ, ಆರು ಒದ್ದೆಯಾದ ಕಣ್ಣು. ‘ದುಃಖದಿಂದ’ ಎಂಬ ಒಂದು ಪದವೇ ಇದಕ್ಕಿಂತ ಮೇಲಲ್ಲವೇ?”

ಅಂಥ ಪುಟಗಳಿಗಿಂತ ‘ದುಃಖದಿಂದ’ ಮೇಲು. ಅದು ಕನಿಷ್ಠ ಬೇಗ ಮುಗಿಯುತ್ತದೆ. ಭರತನ ಕಾಲದಿಂದ ಎಂಟು ಸಾತ್ತ್ವಿಕ ಭಾವಗಳನ್ನು ಹೆಸರಿಸಿದ್ದಾರೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ನಿಂತಲ್ಲೇ ಕಲ್ಲಾಗುವುದು, ಬೆವರುವುದು, ಮೈನವಿರೇಳುವುದು, ಗಂಟಲು ಕಟ್ಟುವುದು, ನಡುಗುವುದು, ಮುಖದ ಬಣ್ಣ ಹೋಗುವುದು, ಕಣ್ಣೀರು, ಮೂರ್ಛೆ. ನಮ್ಮ ಇವತ್ತಿನ ಕಥೆಗಳಲ್ಲಿ ‘ಕ್ರಿಯೆ’ ಎಂಬ ಹೆಸರಿನಲ್ಲಿ ಬರುವುದರ ಬಹುಪಾಲು ಈ ಎಂಟರೊಳಗೇ ಇದೆ. ಇವು ಯಾರ ದೇಹದಲ್ಲಿಯೂ, ಯಾವ ಊರಿನಲ್ಲಿಯೂ, ಯಾವ ಕಾರಣಕ್ಕೂ ಆಗಬಹುದಾದವು. ಆದ್ದರಿಂದ ‘ಕಣ್ಣು ತೇವವಾದವು’ ಎಂಬುದು ‘ದುಃಖದಿಂದ’ ಎಂಬುದರ ಇನ್ನೊಂದು ಕಾಗುಣಿತವಷ್ಟೇ. ನಾನು ಕೇಳುವ ಕ್ರಿಯೆ ಬೇರೆ. ಆ ಕೋಣೆಯಲ್ಲಿರುವ ಒಂದು ವಸ್ತುವಿಗೆ, ಆ ವ್ಯಕ್ತಿಯ ಬದುಕಿಗೆ ಅಂಟಿಕೊಂಡಿರುವ ಕ್ರಿಯೆ ಅದು. ಮತ್ತೆ, ಎಲ್ಲ ಭಾವಪದಕ್ಕೂ ಬದಲಿಯಾಗಿ ಒಂದು ಕ್ರಿಯೆ ಬೇಕು ಎಂದೂ ನಾನು ಹೇಳುವುದಿಲ್ಲ. ಬಹಳಷ್ಟನ್ನು ಸುಮ್ಮನೆ ತೆಗೆದರೆ ಸಾಕು.

ಬಾಯಿಮಾತಿನಲ್ಲಿ ಇದು ಸ್ಪಷ್ಟವಾಗುವುದಿಲ್ಲ. ಯಾರ ಕಥೆಯನ್ನೂ ಮುಂದಿಟ್ಟು ನೋಯಿಸಬಾರದೆಂದು ನಾನೇ ಒಂದು ತುಣುಕು ಬರೆದಿದ್ದೇನೆ. ತಿಪಟೂರಿನ ಕಡೆಯ ನಿವೃತ್ತ ಮೇಷ್ಟ್ರು ಶಿವಣ್ಣ, ಗಾಜಿಯಾಬಾದಿನ ವೈಶಾಲಿಯಲ್ಲಿ ಹನ್ನೊಂದನೆಯ ಮಹಡಿಯಲ್ಲಿರುವ ಮಗ ಪ್ರವೀಣನ ಮನೆಗೆ ಬಂದಿದ್ದಾರೆ. ಜನವರಿ ತಿಂಗಳು. ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವ ರೀತಿ ಹೀಗೆ:

“ನಾನು ಊರಿಗೆ ಹೋಗುತ್ತೇನೆ” ಎಂದು ಮೇಷ್ಟ್ರು ದುಃಖದಿಂದ ಹೇಳಿದರು.

“ಯಾಕಪ್ಪಾ, ಇಲ್ಲಿ ನಿಮಗೇನು ಕಡಿಮೆಯಾಗಿದೆ?” ಎಂದು ಪ್ರವೀಣ ಅಸಹನೆಯಿಂದ ಕೇಳಿದ.

“ಏನೂ ಕಡಿಮೆಯಾಗಿಲ್ಲ” ಎಂದು ಅವರು ನೋವನ್ನು ಮುಚ್ಚಿಟ್ಟುಕೊಳ್ಳುತ್ತಾ ಉಸುರಿದರು. ಇಡೀ ದಿನ ತನ್ನೊಡನೆ ಮಾತಾಡುವವರು ಯಾರೂ ಇಲ್ಲ ಎಂಬ ಒಂಟಿತನ ಅವರನ್ನು ಕಾಡುತ್ತಿತ್ತು.

“ಇನ್ನು ಹದಿನೈದು ದಿನ ಇರಿ” ಎಂದು ಪ್ರವೀಣ ತಪ್ಪಿತಸ್ಥ ಭಾವದಿಂದ ಹೇಳಿದ.

ಇಲ್ಲಿ ಐದು ವಿವರಣೆಗಳಿವೆ: ದುಃಖ, ಅಸಹನೆ, ಮುಚ್ಚಿಟ್ಟ ನೋವು, ಒಂಟಿತನ, ತಪ್ಪಿತಸ್ಥ ಭಾವ. ಒಂದೊಂದಕ್ಕೂ ಒಂದೊಂದು ಚೇಷ್ಟೆ ಹಾಕಿದರೆ ಆಕ್ಷೇಪಕರು ಹೇಳಿದ ಗತಿಯೇ ಆಗುತ್ತದೆ: ನಿಟ್ಟುಸಿರು, ಹುಬ್ಬುಗಂಟು, ತಗ್ಗಿದ ತಲೆ. ನಾನು ಬದಲಾಯಿಸಿದ್ದು ಹೀಗೆ:

“ಊರಿಗೆ ಹೋಗ್ತೀನಿ ಕಣೋ” ಎಂದರು ಮೇಷ್ಟ್ರು.

ಪ್ರವೀಣ ಫೋನಿನಿಂದ ತಲೆ ಎತ್ತಲಿಲ್ಲ. “ಇಲ್ಲೇನಪ್ಪಾ ಕಮ್ಮಿಯಾಗಿರೋದು?”

“ಕಮ್ಮಿ ಏನೂ ಇಲ್ಲ ಕಣಪ್ಪ.” ಟೀಪಾಯಿಯ ಮೇಲೆ ಬಿಡಿಸಿಟ್ಟಿದ್ದ ಪೇಪರನ್ನು ಮಡಚಿದರು. ಹಿಂದಿ ಪೇಪರು. “ಲಿಫ್ಟಿನ ಹುಡುಗ ದಿನಾ ನಮಸ್ತೆ ಅಂತಾನೆ. ನಾನೂ ಅಂತೀನಿ.”

ಪ್ರವೀಣ ಫೋನು ಮಗುಚಿಟ್ಟ. “ಇನ್ನೊಂದು ಹದಿನೈದು ದಿನ ಇರಿ” ಎಂದ.

ಮೊದಲನೆಯ ‘ದುಃಖದಿಂದ’ ಸುಮ್ಮನೆ ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ. ವಯಸ್ಸಾದ ತಂದೆ ಮಗನ ಮನೆಯಲ್ಲಿ ಕೂತು ಊರಿಗೆ ಹೋಗುತ್ತೇನೆ ಎಂದಾಗ ಓದುಗನಿಗೆ ಹೇಳಿಕೊಡಬೇಕಾದದ್ದು ಏನಿದೆ? ‘ಹೋಗುತ್ತೇನೆ’ ಎಂಬ ಪುಸ್ತಕದ ಭಾಷೆ ‘ಹೋಗ್ತೀನಿ ಕಣೋ’ ಆದದ್ದು ಮಾತ್ರ ಬದಲಾವಣೆ. ‘ಕಣೋ’ ಎಂಬುದರಲ್ಲಿ ಇನ್ನೂ ಸಲಿಗೆ ಇದೆ, ಮಗ ತನ್ನ ಮಾತು ಕೇಳುತ್ತಾನೆಂಬ ನಂಬಿಕೆ ಇದೆ. ಅಸಹನೆಗೆ ಬದಲು ಫೋನಿನಿಂದ ಎತ್ತದ ತಲೆ ಬಂತು. ಮಗನ ಉತ್ತರ ಪ್ರಶ್ನೆಯ ರೂಪದಲ್ಲಿದ್ದರೂ ಅವನಿಗೆ ಉತ್ತರ ಬೇಕಿಲ್ಲ ಎಂಬುದು ಅದರಿಂದಲೇ ತಿಳಿಯುತ್ತದೆ. ಮೂರನೆಯದು, ಮುಚ್ಚಿಟ್ಟ ನೋವು, ಒಂದು ಪದದ ಬಾಲಕ್ಕೆ ಹೋಯಿತು: ‘ಕಣೋ’ ಎಂದವರು ಈಗ ‘ಕಣಪ್ಪ’ ಎನ್ನುತ್ತಾರೆ. ನಮ್ಮ ಹಳೇ ಮೈಸೂರಿನ ಕಡೆ ‘ಕಣಪ್ಪ’ ಮುದ್ದಿಗೂ ಬಳಕೆಯಾಗುತ್ತದೆ, ಹೊರಗಿನವರೊಡನೆ ಸೌಜನ್ಯಕ್ಕೂ ಬಳಕೆಯಾಗುತ್ತದೆ. ‘ಕಣೋ’ ಎಂದ ಬಾಯಲ್ಲೇ ಮರುಕ್ಷಣ ಬಂದಾಗ ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದದ್ದು ಕಿವಿಗೆ ಗೊತ್ತಾಗುತ್ತದೆ.

ಒಂಟಿತನದ ಜಾಗದಲ್ಲಿಯೇ ಹೆಚ್ಚು ಕೆಲಸವಾಗಿದ್ದು. ಮೊದಲ ರೂಪದಲ್ಲಿ ಅದು ನಿರೂಪಕನ ವಾಕ್ಯ, ಮೇಷ್ಟ್ರ ತಲೆಯೊಳಗೆ ಹೋಗಿ ನೋಡಿ ಬಂದು ನಮಗೆ ವರದಿ ಮಾಡಿದ್ದು. ಎರಡನೆಯದರಲ್ಲಿ ಅದು ಮೇಷ್ಟ್ರ ಬಾಯಿಂದಲೇ ಬಂತು, ಆದರೆ ದೂರಿನ ರೂಪದಲ್ಲಿ ಅಲ್ಲ. ‘ಎಲ್ಲ ಚೆನ್ನಾಗಿದೆ, ಲಿಫ್ಟಿನ ಹುಡುಗ ನಮಸ್ತೆ ಅಂತಾನೆ’ ಎಂದು ಅವರು ಮಗನಿಗೆ ಸಮಾಧಾನ ಹೇಳುತ್ತಿದ್ದಾರೆ. ದಿನವಿಡೀ ಆಡಿದ ಮಾತು ಅದೊಂದೇ ಎಂಬುದು ಓದುಗನ ಲೆಕ್ಕಕ್ಕೆ ಬಿಟ್ಟದ್ದು. ನಲವತ್ತು ವರ್ಷ ಪಾಠ ಹೇಳಿದ ಮನುಷ್ಯನ ಮುಂದೆ ಹಿಂದಿ ಪೇಪರು ಬಿಡಿಸಿಟ್ಟಿರುವುದು ಏಕೆ, ಅದನ್ನು ಅವರು ಓದಬಲ್ಲರೋ ಇಲ್ಲವೋ ಎಂಬುದನ್ನೂ ಹೇಳಿಲ್ಲ. ಆದರೆ ಆ ಪೇಪರು ವೈಶಾಲಿಯ ಆ ಮನೆಯಲ್ಲಿ ಮಾತ್ರ ಇರಬಹುದಾದದ್ದು, ತಿಪಟೂರಿನಲ್ಲಿ ಅಲ್ಲ. ಒದ್ದೆ ಕಣ್ಣಿಗೂ ಇದಕ್ಕೂ ಇರುವ ವ್ಯತ್ಯಾಸ ಅದು.

ಕೊನೆಯ ‘ತಪ್ಪಿತಸ್ಥ ಭಾವ’ದ ಬದಲು ಮಗುಚಿಟ್ಟ ಫೋನು. ಇದು ಹೊಸ ಚೇಷ್ಟೆಯಲ್ಲ, ಮೊದಲಿದ್ದ ಫೋನಿನದೇ ಮುಂದಿನ ಹೆಜ್ಜೆ. ಒಂದೇ ವಸ್ತು ಎರಡು ಸಲ, ಎರಡು ಸ್ಥಿತಿಯಲ್ಲಿ ಬಂದಾಗ ನಡುವೆ ಏನೋ ಆಯಿತು ಎಂಬುದು ತಾನಾಗಿ ಕಾಣುತ್ತದೆ. ಕ್ರಿಯೆಗಳು ಪುಟದ ತುಂಬ ಚೆಲ್ಲಾಡದಂತೆ ತಡೆಯುವ ಉಪಾಯವೂ ಇದೇ: ಒಂದು ದೃಶ್ಯಕ್ಕೆ ಒಂದೆರಡು ವಸ್ತು, ಅವುಗಳ ಸ್ಥಿತಿ ಬದಲಾಗುತ್ತ ಹೋಗಲಿ. ಹೊಸ ರೂಪದಲ್ಲಿ ‘ಎಂದರು’, ‘ಎಂದ’ ಒಂದೊಂದೇ ಸಲ ಬಂದಿವೆ. ಉಳಿದ ಎರಡು ಮಾತುಗಳಿಗೆ ಸೂಚಕವೇ ಇಲ್ಲ, ಪಕ್ಕದ ಕ್ರಿಯೆ ಯಾರದೋ ಮಾತೂ ಅವರದೇ. ‘ಎಂದ, ಎಂದ ಎಂದು ಬೇಸರವಾಗುತ್ತದೆ’ ಎನ್ನುವವರಿಗೂ ಇದರಲ್ಲೇ ಉತ್ತರವಿದೆ.

ಕೆಟ್ಟ ಕ್ರಿಯೆಯನ್ನು ಗುರುತಿಸಲು ನಾನು ಮಾಡುವುದು ಒಂದೇ ಪರೀಕ್ಷೆ. ಆ ವಾಕ್ಯವನ್ನು ಎತ್ತಿ ಬೇರೊಂದು ಕಥೆಯ ಬೇರೊಂದು ಪಾತ್ರದ ಮಾತಿನ ಪಕ್ಕ ಇಟ್ಟು ನೋಡುತ್ತೇನೆ. ಅಲ್ಲಿಯೂ ಸಲೀಸಾಗಿ ಕೂತರೆ ಇಲ್ಲಿ ಅದಕ್ಕೆ ಕೆಲಸವಿಲ್ಲ. ‘ಅವಳು ತುಟಿ ಕಚ್ಚಿಕೊಂಡಳು’ ಎಂಬುದು ಎಲ್ಲಿ ಬೇಕಾದರೂ ಕೂರುತ್ತದೆ.

ನಾಲ್ಕನೆಯ ಆಕ್ಷೇಪಕ್ಕೆ ಹೆಚ್ಚು ಮಾತು ಬೇಕಿಲ್ಲ: “ನಮ್ಮ ಹಿರಿಯರು ಭಾವವನ್ನು ಬಿಡಿಸಿ ಹೇಳಿದರು. ನಾಟಕಕಾರರು ಇವತ್ತಿಗೂ ಕಂಸದಲ್ಲಿ ‘ಕೋಪದಿಂದ’ ಎಂದು ಬರೆಯುತ್ತಾರೆ.” ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಿರೂಪಕ ಎಲ್ಲವನ್ನೂ ಕಂಡವನು. ಅವನು ತನ್ನದೇ ದನಿಯಲ್ಲಿ ಲೋಕದ ಬಗ್ಗೆ ತೀರ್ಪು ಕೊಡುತ್ತಾನೆ, ಆ ದನಿಯೇ ಕಾದಂಬರಿಯ ಒಂದು ಪಾತ್ರ. ಮಾಸ್ತಿಯವರ ಅನೇಕ ಕಥೆಗಳಲ್ಲಿ ಯಾರೋ ಒಬ್ಬರು ಇನ್ನೊಬ್ಬರಿಗೆ ಕಥೆ ಹೇಳುತ್ತಿರುತ್ತಾರೆ, ಹೇಳುವವರ ಅಭಿಪ್ರಾಯ ನಮಗೆ ಬೇಕು. ಅಂಥ ನಿರೂಪಕನನ್ನು ಕಟ್ಟಿದವರು ಧಾರಾಳವಾಗಿ ವಿವರಿಸಲಿ. ನಾನು ಬೇಡವೆನ್ನುವುದು ಬೇರೆ: ಇಡೀ ಕಥೆಯಲ್ಲಿ ಮುಖ ತೋರದ ನಿರೂಪಕ, ಮಾತಿನ ಹಿಂದೆ ಮಾತ್ರ ಇಣುಕಿ ‘ಇದು ಕೋಪ, ಇದು ನೋವು’ ಎಂದು ಹೇಳಿ ಮರೆಯಾಗುವುದು.

ಇನ್ನು ನಾಟಕ. ಕಂಸದಲ್ಲಿರುವುದು ನಟನಿಗೆ ಬರೆದದ್ದು, ಪ್ರೇಕ್ಷಕ ಅದನ್ನು ಕೇಳುವುದೇ ಇಲ್ಲ. ಕಾರ್ನಾಡರ ‘ತುಘಲಕ್’ ನಾಟಕವನ್ನು ಅಲ್ಕಾಜಿ ಇಲ್ಲಿಯ ಪುರಾನಾ ಕಿಲಾದಲ್ಲಿ ಆಡಿಸಿದಾಗ ಮನೋಹರ್ ಸಿಂಗ್ ಸುಲ್ತಾನನ ಪಾತ್ರ ಮಾಡಿದರು. ನೋಡಲು ಬಂದವರ ಕೈಯಲ್ಲಿ ಕಂಸದ ಸೂಚನೆಗಳಿರಲಿಲ್ಲ. ಅವರಿಗೆ ಸಿಕ್ಕಿದ್ದು ಒಬ್ಬ ಮನುಷ್ಯನ ನಡಿಗೆ, ನಿಲುವು, ದನಿ. ಸೂಚನೆಯನ್ನು ಮಾಡಿ ತೋರಿಸುವ ಆ ಕೆಲಸ ಕಥೆಯಲ್ಲಿ ಕಥೆಗಾರನದೇ. ಅದನ್ನು ಮಾಡದೆ ಕಂಸವನ್ನೇ ಓದುಗನ ಕೈಗೆ ಕೊಡುವುದು ಸರಿಯಲ್ಲ.

ಉಳಿದದ್ದು ಐದನೆಯದು: “ಓದುಗ ತಪ್ಪು ತಿಳಿದರೆ? ಮಗುಚಿಟ್ಟ ಫೋನನ್ನು ಸಿಟ್ಟು ಎಂದು ಓದಿಕೊಂಡರೆ?”

ಓದಿಕೊಳ್ಳಬಹುದು. ಈ ಭಯಕ್ಕೆ ಆಧಾರವಿದೆ. ಆಶ್ಚರ್ಯವೆಂದರೆ ಮಮ್ಮಟನಿಗೂ ಇದು ಗೊತ್ತಿತ್ತು. ಭಾವವನ್ನು ಹೆಸರಿನಿಂದ ಕರೆಯುವುದು ದೋಷ ಎಂದ ಪಟ್ಟಿಯಲ್ಲಿಯೇ ಅವನು ಇನ್ನೊಂದು ದೋಷ ಹೇಳುತ್ತಾನೆ: ಅನುಭಾವ, ವಿಭಾವಗಳನ್ನು ಓದುಗ ಬಹಳ ಕಷ್ಟಪಟ್ಟು ಊಹಿಸಿಕೊಳ್ಳಬೇಕಾಗುವುದು. ಅವನು ಕೊಡುವ ಉದಾಹರಣೆಯಲ್ಲಿ ಒಬ್ಬನ ಮೈಮನಸ್ಸು ಕುಸಿದಿರುವ ಚಿಹ್ನೆಗಳೆಲ್ಲ ಇವೆ, ಆದರೆ ಅವು ವಿರಹಕ್ಕೂ ಒಪ್ಪುತ್ತವೆ, ಸಾವಿನ ದುಃಖಕ್ಕೂ ಒಪ್ಪುತ್ತವೆ. ಪ್ರಿಯೆಯ ಕಾರಣದಿಂದ ಹೀಗಾಗಿದೆ ಎಂಬುದು ಸುಲಭವಾಗಿ ಹೊಳೆಯುವುದಿಲ್ಲ. ಬರೀ ಚೇಷ್ಟೆಗಳನ್ನು ಜೋಡಿಸಿ, ಕಾರಣವನ್ನು ಬಚ್ಚಿಟ್ಟು, ಅದನ್ನೇ ಸೂಕ್ಷ್ಮತೆ ಎಂದುಕೊಳ್ಳುವ ಕಥೆಗಾರರಿಗೆ ಇದು ನೇರವಾಗಿ ತಗಲುತ್ತದೆ. ಇದಕ್ಕೆ ಮದ್ದು ಹೆಚ್ಚು ಚೇಷ್ಟೆಯಲ್ಲ, ಸನ್ನಿವೇಶ. ಮೇಷ್ಟ್ರ ತುಣುಕಿನಲ್ಲಿ ಲಿಫ್ಟಿನ ಹುಡುಗನ ಮಾತು ಬಂದ ಮೇಲೆ ಫೋನು ಮಗುಚಿಟ್ಟಿದ್ದರಿಂದ ಸಿಟ್ಟಿಗೆ ಎಡೆ ಕಡಿಮೆ. ಮಾತು ಮತ್ತು ಕ್ರಿಯೆಯ ಸ್ಥಾನ ಅದಲುಬದಲಾಗಿದ್ದರೆ, ಫೋನು ಮೊದಲು ಮಗುಚಿ ಆಮೇಲೆ ಆ ಮಾತು ಬಂದಿದ್ದರೆ, ಅದು ಸಿಟ್ಟೇ ಆಗುತ್ತಿತ್ತು. ಹಾಗಾಗಿ ಓದುಗ ತಪ್ಪು ತಿಳಿದ ಎಂದು ಗೊತ್ತಾದಾಗ ಭಾವದ ಹೆಸರು ಸೇರಿಸುವ ಮೊದಲು ಕ್ರಮವನ್ನು ನೋಡಬೇಕು. ನಮ್ಮ ಕೂಟದಲ್ಲಿ ಓದಿ ಮುಗಿಸಿದ ಮೇಲೆ ‘ಅವನು ಆಗ ಹಾಗೇಕೆ ಮಾಡಿದ?’ ಎಂದು ಕೇಳಿಬಿಟ್ಟರೆ ಸಾಕು. ಕೇಳಿದವರೆಲ್ಲ ಬೇರೆ ಬೇರೆ ಭಾವ ಹೇಳಿ, ಯಾವುದನ್ನು ಹೇಳಿದರೂ ಕಥೆ ಕೆಡುವುದಿಲ್ಲವಾದರೆ ಬಿಡಬಹುದು. ಒಂದು ಉತ್ತರದಿಂದ ಕಥೆಯೇ ಮುರಿದುಬೀಳುವುದಾದರೆ ತಿದ್ದಬೇಕು.

ಕ್ರಮ ಬದಲಿಸಿಯೂ ಸರಿಹೋಗದ ಜಾಗಗಳಿವೆ. ಮಮ್ಮಟ ಅದಕ್ಕೂ ಅವಕಾಶ ಕೊಟ್ಟಿದ್ದಾನೆ: ಸಂಚಾರಿಭಾವವನ್ನು ಹೆಸರಿನಿಂದ ಹೇಳುವುದು ಕೆಲವೆಡೆ ದೋಷವಲ್ಲ. ಅವನ ಉದಾಹರಣೆ ಹರ್ಷನ ‘ರತ್ನಾವಳಿ’ಯ ಆರಂಭದ ಪದ್ಯ. ಶಿವನ ಮೊದಲ ಸಮಾಗಮಕ್ಕೆ ಹೊರಟ ಗೌರಿಯ ಅವಸರಕ್ಕೆ ಅಲ್ಲಿ ಕವಿ ಔತ್ಸುಕ್ಯ ಎಂದು ಹೆಸರಿಟ್ಟೇ ಹೇಳಿದ್ದಾನೆ. ಏಕೆಂದರೆ ಅವಸರ ಭಯದಿಂದಲೂ ಬರಬಹುದು. ಕ್ರಿಯೆಯೊಂದೇ ಆ ಭಾವವನ್ನು ಖಚಿತವಾಗಿ ತಲುಪಿಸಲಾರದು.

ಮೇಷ್ಟ್ರ ಕಥೆಯ ಕೊನೆಗೆ ಇಂಥದೇ ಒಂದು ಜಾಗ ಬರುತ್ತದೆ. ನಿಜಾಮುದ್ದೀನ್ ನಿಲ್ದಾಣದಲ್ಲಿ ಯಶವಂತಪುರಕ್ಕೆ ಹೋಗುವ ಸಂಪರ್ಕ ಕ್ರಾಂತಿ ನಿಂತಿದೆ. ಪ್ರವೀಣ ಬ್ಯಾಗು ಎತ್ತಿಕೊಂಡು ಅಪ್ಪನಿಗಿಂತ ಮುಂದೆ ಬೇಗಬೇಗ ನಡೆಯುತ್ತಾನೆ. ರೈಲು ತಪ್ಪೀತೆಂದೇ? ಒಮ್ಮೆ ಕಳಿಸಿಬಿಟ್ಟರೆ ಸಾಕೆಂದೇ? ಅಪ್ಪನಿಗೆ ಮುಖ ತೋರಿಸಲಾಗದೆಯೇ? ಮೂರೂ ಒಂದೇ ನಡಿಗೆ. ಮೊದಲನೆಯದಾದರೆ ಕಥೆಗೆ ಕೊನೆಯೇ ಇಲ್ಲ, ಎರಡನೆಯದಾದರೆ ಫೋನು ಮಗುಚಿಟ್ಟವನು ಇವನಲ್ಲ. ಅಲ್ಲಿ ನಾನು ‘ಅಪ್ಪನ ಮುಖ ನೋಡಲು ನಾಚಿಕೆಯಾಗಿ ಪ್ರವೀಣ ಬ್ಯಾಗು ಎತ್ತಿಕೊಂಡು ಮುಂದೆ ನಡೆದ’ ಎಂದೇ ಬರೆದೆ. ‘ನಾಚಿಕೆ’ ಎಂಬ ಪದವನ್ನು ಉಳಿಸಿದೆ. ಅದರ ಹಿಂದಿನ ಸಾಲಿನಲ್ಲಿ “ಬೇಗ ಬನ್ನಿ ಅಪ್ಪಾ” ಎಂಬ ಅವನ ಮಾತಿಗೆ ಅಂಟಿದ್ದ ‘ಎಂದು ಕಳವಳದಿಂದ ಹೇಳಿದ’ ಎಂಬುದನ್ನು ಹೊಡೆದು ‘ಎಂದ’ ಎಂದು ಬರೆದೆ.